ಗಾಯಗಳ ವಿಧ, ಸಾವಿನ ವೇಳೆ: ಇಡೀ ಅಧ್ಯಾಯವನ್ನು ನಾಲ್ಕು ಪುಟಕ್ಕೆ ಇಳಿಸುವ ಬಗೆ

ಪ್ರಶ್ನೆ: ಸರ್, ನಾನು ಎಂ.ಬಿ.ಬಿ.ಎಸ್. ವಿದ್ಯಾರ್ಥಿನಿ. ಫೊರೆನ್ಸಿಕ್ ಮೆಡಿಸಿನ್‌ನಲ್ಲಿ ಗಾಯಗಳು ಮತ್ತು ಸಾವಿನ ನಂತರದ ಬದಲಾವಣೆಗಳ ಭಾಗ ಓದುತ್ತಿದ್ದೇನೆ. ನೋಟ್ಸ್ ಮಾಡಹೋದರೆ ಪುಸ್ತಕದಷ್ಟೇ ಉದ್ದ ಆಗುತ್ತದೆ, ಚಿಕ್ಕದು ಮಾಡಿದರೆ ವೈವಾದಲ್ಲಿ ಏನೂ ನೆನಪಿಗೆ ಬರುವುದಿಲ್ಲ. ಗಾಯಗಳ ವಿಧ, ಸತ್ತು ಎಷ್ಟು ಹೊತ್ತಾಯಿತು ಎಂದು ತಿಳಿಯುವ ಲಕ್ಷಣಗಳು, ಪದೇ ಪದೇ ಕೇಳುವ ಅಂಶಗಳು, ಇಷ್ಟನ್ನು ಹೇಗೆ ಸಂಕ್ಷೇಪಿಸಲಿ?

ಉತ್ತರ:

ಪುಸ್ತಕದ ವಾಕ್ಯಗಳನ್ನು ಕತ್ತರಿಸುತ್ತ ಹೋದರೆ ನೋಟ್ಸ್ ಚಿಕ್ಕದಾಗುತ್ತದೆ, ಆದರೆ ಅದರಲ್ಲಿ ಕಾರಣಗಳು ಉಳಿಯುವುದಿಲ್ಲ. ಕಾರಣವಿಲ್ಲದ ಪಟ್ಟಿ ವೈವಾದ ಮೇಜಿನ ಮುಂದೆ ಕೂತಾಗ ಮೊದಲು ಕೈಕೊಡುತ್ತದೆ. ಆದ್ದರಿಂದ ಪ್ರತಿ ಗಾಯದ ಮುಂದೆ ಒಂದೇ ಪ್ರಶ್ನೆ ಬರೆದುಕೊಳ್ಳಿ: ಚರ್ಮದ ಮೇಲೆ ಬಲ ಹೇಗೆ ಬಿತ್ತು? ಸಾವಿನ ನಂತರದ ಪ್ರತಿ ಬದಲಾವಣೆಯ ಮುಂದೆಯೂ ಒಂದೇ ಪ್ರಶ್ನೆ: ದೇಹದಲ್ಲಿ ಯಾವುದು ನಿಂತದ್ದರಿಂದ ಇದು ಆಯಿತು? ಈ ಎರಡಕ್ಕೆ ಉತ್ತರ ಗೊತ್ತಿದ್ದರೆ ಲಕ್ಷಣಗಳ ಮುಕ್ಕಾಲು ಭಾಗವನ್ನು ನೀವೇ ಹೇಳಬಲ್ಲಿರಿ. ಪದೇ ಪದೇ ಕೇಳುವ ಅಂಶಗಳಿಗೆ ಬೇರೆ ಪುಟ ಬೇಡ. ಪುಟದ ಬಲಬದಿಯಲ್ಲಿ ಅಗಲವಾದ ಅಂಚು ಬಿಟ್ಟು, ಯಾವ ಲಕ್ಷಣದಿಂದ ಪ್ರಶ್ನೆ ಹುಟ್ಟುತ್ತದೋ ಅದರ ಎದುರಿಗೇ ಬರೆಯಿರಿ.

ಗಾಯಗಳಿಂದ ಶುರುಮಾಡೋಣ. ಗುಂಡೇಟು ಮತ್ತು ಸುಟ್ಟಗಾಯಗಳನ್ನು ಈ ಪುಟಕ್ಕೆ ತರಬೇಡಿ, ಅವುಗಳ ತರ್ಕವೇ ಬೇರೆ.

ಮೊಂಡಾದ ವಸ್ತು ಚರ್ಮದ ಮೇಲ್ಪದರವನ್ನು ಉಜ್ಜಿಕೊಂಡು ಹೋದರೆ ಅಥವಾ ಒತ್ತಿದರೆ ತರಚುಗಾಯ, ಅಂದರೆ ಅಬ್ರೇಷನ್. ಉಗುರು, ಮುಳ್ಳು ಗೀರಿದ್ದು ಒಂದು ಬಗೆ. ರಸ್ತೆಯ ಮೇಲೆ ಮೈ ಜಾರಿಕೊಂಡು ಹೋದದ್ದು ಇನ್ನೊಂದು. ಹಗ್ಗ ಒತ್ತಿ ಕುತ್ತಿಗೆಯಲ್ಲಿ ಮೂಡಿಸಿದ ಗುರುತು ಮೂರನೆಯದು. ಟೈರಿನ ಅಚ್ಚಿನಂತೆ ವಸ್ತುವಿನ ರೂಪವನ್ನೇ ಬಿಟ್ಟುಹೋದದ್ದು ನಾಲ್ಕನೆಯದು. ಇದರಿಂದ ಎರಡು ವಿಷಯ ಸಿಗುತ್ತವೆ. ಒಂದು ದಿಕ್ಕು: ಜಾರಿದ ತರಚಿನಲ್ಲಿ ಸುಲಿದ ಚರ್ಮದ ಸಣ್ಣ ಚೂರುಗಳು ಗಾಯ ಮುಗಿಯುವ ತುದಿಯಲ್ಲಿ ರಾಶಿಯಾಗಿರುತ್ತವೆ. ಇನ್ನೊಂದು ವಯಸ್ಸು: ಹೊಸದು ಕೆಂಪಾಗಿ ಒದ್ದೆಯಾಗಿರುತ್ತದೆ, ಸುಮಾರು ಒಂದು ದಿನದೊಳಗೆ ರಕ್ತ ಮತ್ತು ಲಿಂಫ್ ಒಣಗಿ ಕೆಂಪು ಹಕ್ಕಳೆ ಕಟ್ಟುತ್ತದೆ, 2–3 ದಿನಕ್ಕೆ ಅದು ಕೆಂಗಂದು, ಆಮೇಲೆ ಕಡುಕಂದು, ಒಂದು ವಾರದ ಹೊತ್ತಿಗೆ ಅಂಚಿನಿಂದ ಬಿಟ್ಟುಕೊಂಡು ಉದುರತೊಡಗುತ್ತದೆ.

ಚರ್ಮ ಹರಿಯದೆ ಒಳಗಿನ ಸಣ್ಣ ರಕ್ತನಾಳಗಳು ಒಡೆದರೆ ಕಂಟ್ಯೂಷನ್, ನಾವು ಹೇಳುವ ಕಂದುಗಾಯ. ಇದರ ಬಣ್ಣದ ಸರಣಿ ಎಲ್ಲರಿಗೂ ಬಾಯಿಪಾಠ: ಕೆಂಪು, ನೀಲಿ, ಕಂದು ಮಿಶ್ರಿತ ನೀಲಿ, 5–6ನೇ ದಿನಕ್ಕೆ ಹಸಿರು, ಒಂದು ವಾರದ ಮೇಲೆ ಹಳದಿ, ಎರಡು ವಾರಕ್ಕೆ ಮಾಯ. ಹಿಮೋಗ್ಲೋಬಿನ್ ಒಡೆದು ಹಿಮೋಸಿಡರಿನ್, ಹಿಮಟಾಯ್ಡಿನ್, ಬಿಲಿರುಬಿನ್ ಆಗುವುದೇ ಇದಕ್ಕೆ ಕಾರಣ. ಪರೀಕ್ಷೆಗೆ ಈ ಸರಣಿ ಬರೆಯಿರಿ, ಆದರೆ ಇದನ್ನು ಗಡಿಯಾರ ಎಂದು ನಂಬಬೇಡಿ. ಗಾಯದ ಆಳ, ಚರ್ಮದ ಬಣ್ಣ, ವಯಸ್ಸು, ನೋಡುವವರ ಕಣ್ಣು, ಎಲ್ಲವೂ ಬಣ್ಣವನ್ನು ಬದಲಿಸುತ್ತವೆ. ಗಟ್ಟಿಯಾಗಿ ಹಿಡಿದುಕೊಳ್ಳಬಹುದಾದ ಮಾತು ಒಂದೇ: ಹಳದಿ ಕಂಡರೆ ಆ ಏಟಿಗೆ ಹೆಚ್ಚುಕಡಿಮೆ 18 ಗಂಟೆಗಿಂತ ಹೆಚ್ಚಿನ ವಯಸ್ಸಾಗಿದೆ. ಹಳದಿ ಕಾಣದಿದ್ದರೆ ಹೊಸದೇ ಎಂದು ಹೇಳಲಾಗದು. ಅಂಚಿನಲ್ಲಿ ಬರೆಯಬೇಕಾದದ್ದು: ಕಣ್ಣಿನ ಬಿಳಿಗುಡ್ಡೆಯ ಮೇಲೆ, ಕಂಜಂಕ್ಟೈವಾದ ಕೆಳಗೆ ಆದ ರಕ್ತಸ್ರಾವ ಹಸಿರಿಗೆ ತಿರುಗುವುದಿಲ್ಲ. ಅಲ್ಲಿ ಹೊರಗಿನ ಗಾಳಿಯ ಆಮ್ಲಜನಕ ರಕ್ತಕ್ಕೆ ಸಿಗುತ್ತಲೇ ಇರುವುದರಿಂದ ಕೆಂಪಿನಿಂದ ನೇರ ಹಳದಿಗೆ ಹೋಗುತ್ತದೆ.

ಕಂದುಗಾಯದ ಬಗ್ಗೆ ಇನ್ನೊಂದು ಮಾತು: ಅದು ಕಾಣುವ ಜಾಗವೇ ಏಟು ಬಿದ್ದ ಜಾಗ ಎಂದುಕೊಳ್ಳಬಾರದು. ಸೋರಿದ ರಕ್ತ ಗುರುತ್ವದ ದಾರಿ ಹಿಡಿದು ಸಡಿಲ ಅಂಗಾಂಶಕ್ಕೆ ಇಳಿಯುತ್ತದೆ. ಹಣೆಗೆ ಬಿದ್ದ ಏಟು ಅಥವಾ ತಲೆಬುರುಡೆಯ ತಳದ ಮುಂಭಾಗದ ಮುರಿತ ಕಣ್ಣಸುತ್ತ ಕಪ್ಪಾಗಿ ಕಾಣಬಹುದು. ತಳದ ನಡುಭಾಗದ ಮುರಿತ ಕಿವಿಯ ಹಿಂದೆ ಕಾಣಿಸಿಕೊಳ್ಳಬಹುದು, ಅದಕ್ಕೆ ಬ್ಯಾಟಲ್ಸ್ ಸೈನ್ ಎನ್ನುತ್ತಾರೆ.

ಈಗ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗಕ್ಕೆ ಬಂದೆವು: ಲ್ಯಾಸರೇಷನ್ ಮತ್ತು ಇನ್‌ಸೈಸ್ಡ್ ಗಾಯ, ಅಂದರೆ ಸೀಳುಗಾಯ ಮತ್ತು ಕೊಯ್ದ ಗಾಯ. ಪರೀಕ್ಷಕರು ಇದನ್ನು ಬಿಡುವುದೇ ಇಲ್ಲ, ಬಿಡಲೂಬಾರದು, ಯಾಕೆಂದರೆ ಇಲ್ಲಿ ತಪ್ಪಿದರೆ ಆಯುಧವೇ ತಪ್ಪಿಹೋಗುತ್ತದೆ. ಮೊಂಡು ಬಲ ಚರ್ಮವನ್ನು ಜಜ್ಜಿ, ಎಳೆದು, ಹರಿಯುತ್ತದೆ. ಚರ್ಮದಲ್ಲಿರುವ ಎಲ್ಲವೂ ಒಂದೇ ಗಟ್ಟಿಯಲ್ಲ. ನರ, ರಕ್ತನಾಳ, ನಾರುಗಳು ಎಳೆತ ತಡೆದು ಉಳಿಯುತ್ತವೆ, ಮಿಕ್ಕದ್ದು ಹರಿಯುತ್ತದೆ. ಹಾಗೆ ಉಳಿದ ಎಳೆಗಳು ಗಾಯದ ಒಂದು ದಡದಿಂದ ಇನ್ನೊಂದಕ್ಕೆ ಅಡ್ಡಲಾಗಿರುತ್ತವೆ. ಇವೇ ಟಿಶ್ಯೂ ಬ್ರಿಡ್ಜ್‌ಗಳು. ಅಂಚು ಓರೆಕೋರೆ, ಸುತ್ತ ಜಜ್ಜಿದ ಕಂದು, ಕೂದಲಬೇರು ಅರೆದಂತಿರುತ್ತದೆ, ರಕ್ತನಾಳಗಳೂ ಜಜ್ಜಿಹೋಗುವುದರಿಂದ ರಕ್ತ ಹೋಗುವುದು ಕಡಿಮೆ. ಹರಿತ ಅಲಗಿಗೆ ಮಾತ್ರ ನಾರು, ನರ ಎಂಬ ಭೇದವಿಲ್ಲ. ಎಲ್ಲವೂ ಒಟ್ಟಿಗೆ ಕತ್ತರಿಸಿಹೋಗುತ್ತವೆ, ಸೇತುವೆ ಉಳಿಯುವುದಿಲ್ಲ, ಅಂಚು ನೇರ, ಕೂದಲು ತುಂಡಾಗಿರುತ್ತದೆ, ರಕ್ತ ಧಾರಾಳ. ಕೊಯ್ದ ಗಾಯ ಆಳಕ್ಕಿಂತ ಉದ್ದ. ಶುರುವಾದ ಕಡೆ ಆಳವಾಗಿದ್ದು ಮುಗಿಯುವ ಕಡೆ ಬಾಲದಂತೆ ತೆಳುವಾಗುತ್ತದೆ, ಕೈ ಯಾವ ಕಡೆಗೆ ಚಲಿಸಿತು ಎಂಬುದನ್ನು ಆ ಬಾಲ ತೋರಿಸುತ್ತದೆ.

ಗೊಂದಲ ಹುಟ್ಟುವುದು ಚರ್ಮದ ಕೆಳಗೇ ಮೂಳೆ ಇರುವಲ್ಲಿ: ನೆತ್ತಿ, ಹುಬ್ಬು, ಮೊಣಕಾಲ ಕೆಳಗಿನ ಮುಂಭಾಗ. ಅಲ್ಲಿ ಕೋಲಿನ ಏಟು ಬಿದ್ದರೂ ಚರ್ಮ ಏಟಿಗೂ ಮೂಳೆಗೂ ನಡುವೆ ಸಿಕ್ಕಿ, ಚಾಕುವಿನಲ್ಲಿ ಕೊಯ್ದಷ್ಟು ನೇರವಾಗಿ ಒಡೆಯುತ್ತದೆ. ಬರಿಗಣ್ಣು ಇಲ್ಲಿ ಮೋಸಹೋಗುತ್ತದೆ. ರಕ್ತ ತೊಳೆದು, ಗಾಯದ ತುದಿಗಳನ್ನು ಮೆಲ್ಲಗೆ ಅಗಲಿಸಿ, ಭೂತಗನ್ನಡಿಯಲ್ಲಿ ತಳ ನೋಡಬೇಕು. ತುದಿಗಳ ಹತ್ತಿರ ಒಂದೆರಡು ಎಳೆ ಅಡ್ಡ ಸಿಕ್ಕಿದರೂ ಸಾಕು, ಅದು ಸೀಳುಗಾಯ.

ಇರಿತದ ಗಾಯದಲ್ಲಿ ಆಳವೇ ಅತಿ ದೊಡ್ಡ ಅಳತೆ. ಇಲ್ಲಿ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಗಾಯದ ಆಳ ಅಲಗಿನ ಉದ್ದಕ್ಕಿಂತ ಹೆಚ್ಚಿರಬಹುದೇ? ಹೊಟ್ಟೆಯಲ್ಲಿ ಖಂಡಿತ ಇರಬಹುದು. ಹಿಡಿಯವರೆಗೆ ರಭಸದಿಂದ ಇರಿದಾಗ ಹೊಟ್ಟೆಯ ಗೋಡೆ ಒಳಕ್ಕೆ ಒತ್ತಿಹೋಗುತ್ತದೆ, ಚಿಕ್ಕ ಚಾಕುವಿನ ಮೊನೆಯೂ ದೂರಕ್ಕೆ ಮುಟ್ಟುತ್ತದೆ. ಹಾಗಾಗಿ ಗಾಯದ ಆಳದಿಂದ ಚಾಕುವಿನ ಉದ್ದವನ್ನು ಖಚಿತವಾಗಿ ಹೇಳಬಾರದು.

ಇನ್ನು ಸಾವಿನ ವೇಳೆ. ಮೊದಲ ದಿನದ ಲೆಕ್ಕ ನಿಂತಿರುವುದು ಮೂರರ ಮೇಲೆ: ಮೈ ತಣ್ಣಗಾಗುವುದು, ರಕ್ತ ಕೆಳಭಾಗದಲ್ಲಿ ತಂಗುವುದು, ಸ್ನಾಯು ಪೆಡಸಾಗುವುದು.

ತಣ್ಣಗಾಗುವುದಕ್ಕೆ ಆಲ್ಗರ್ ಮಾರ್ಟಿಸ್ ಎನ್ನುತ್ತಾರೆ. ಶಾಖ ಹುಟ್ಟುವುದು ನಿಂತಿದೆ, ಹೊರಗೆ ಹೋಗುವುದು ನಡೆದಿದೆ. ಉದ್ದದ ಥರ್ಮಾಮೀಟರನ್ನು ಗುದದೊಳಗೆ ಸುಮಾರು 10 ಸೆಂ.ಮೀ. ಇಟ್ಟು ಅಳೆಯಬೇಕು, ಜ್ವರ ನೋಡುವ ಥರ್ಮಾಮೀಟರ್ ನಡೆಯುವುದಿಲ್ಲ. ಲೆಕ್ಕ ಸರಳ: 37ರಿಂದ ಈಗಿನ ತಾಪ ಕಳೆದು, ಗಂಟೆಗೆ ಇಳಿಯುವ ದರದಿಂದ ಭಾಗಿಸುವುದು. ಬೆಚ್ಚಗಿನ ಹವೆಯಲ್ಲಿ ಆ ದರವನ್ನು ಗಂಟೆಗೆ 0.5ರಿಂದ 0.7 ಡಿಗ್ರಿ ಸೆಲ್ಸಿಯಸ್ ಎಂದು ಹಿಡಿಯುವ ರೂಢಿಯಿದೆ. ಆದರೆ ಇಳಿಕೆ ಒಂದೇ ಸಮನಾಗಿರುವುದಿಲ್ಲ. ಮೊದಲು ಸ್ವಲ್ಪ ಹೊತ್ತು ಒಳಗಿನ ತಾಪ ಹೆಚ್ಚುಕಡಿಮೆ ಹಾಗೇ ನಿಲ್ಲುತ್ತದೆ, ನಡುವೆ ಬೇಗ ಇಳಿಯುತ್ತದೆ, ಕೋಣೆಯ ತಾಪ ಹತ್ತಿರವಾದಂತೆ ಮತ್ತೆ ನಿಧಾನವಾಗುತ್ತದೆ. ಸಾಯುವಾಗ ಜ್ವರವಿದ್ದರೆ 37 ಎಂಬ ಆರಂಭವೇ ತಪ್ಪು. ಹೊರಗಿನ ತಾಪ 37ರ ಆಸುಪಾಸಿದ್ದರೆ ಈ ವಿಧಾನ ಕೈಬಿಡಬೇಕು. ಮೈತೂಕ, ಕೋಣೆಯ ತಾಪ, ಬಟ್ಟೆ ಎಲ್ಲವನ್ನೂ ಸೇರಿಸಿಕೊಳ್ಳುವ ಹೆನ್ಸ್‌ಗೆ ನೋಮೋಗ್ರಾಂ ಕೂಡ ಅನುಕೂಲ ಸ್ಥಿತಿಯಲ್ಲಿ 2.8 ಗಂಟೆ ಹಿಂದೆ-ಮುಂದೆ ಎಂದೇ ಹೇಳುತ್ತದೆ. ಈ ಅಂಕಿಯನ್ನು ನೆನಪಿಡಿ, ನಿಮ್ಮ ಉತ್ತರ ಎಷ್ಟು ನಿಖರವಾಗಿರಬಹುದು ಎಂಬುದರ ಮಿತಿ ಅದು.

ರಕ್ತ ತಂಗುವುದು ಲಿವಿಡಿಟಿ ಅಥವಾ ಹೈಪೊಸ್ಟೇಸಿಸ್. ಹೃದಯ ನಿಂತಮೇಲೆ ರಕ್ತ ನಾಳಗಳೊಳಗೇ ಕೆಳಕ್ಕೆ ಇಳಿಯುತ್ತದೆ. ಅರ್ಧದಿಂದ ಒಂದು ಗಂಟೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಶುರು, ಸುಮಾರು 4 ಗಂಟೆಗೆ ಚುಕ್ಕೆಗಳು ಕೂಡಿಕೊಳ್ಳುತ್ತವೆ, 6ರಿಂದ 12 ಗಂಟೆಯೊಳಗೆ ನೆಲೆಗೊಳ್ಳುತ್ತದೆ. ನೆಲೆಗೊಂಡದ್ದನ್ನು ಹೆಬ್ಬೆರಳಿಂದ ಒತ್ತಿದರೆ ಬಿಳಿಚುವುದಿಲ್ಲ. ನೆಲಕ್ಕೆ ಒತ್ತಿಕೊಂಡ ಭಾಗಗಳಲ್ಲಿ ನಾಳಗಳು ಮುಚ್ಚಿಹೋಗಿರುವುದರಿಂದ ಅಲ್ಲಿ ಬಣ್ಣ ಬರುವುದಿಲ್ಲ. ಕಂದುಗಾಯಕ್ಕೂ ಇದಕ್ಕೂ ವ್ಯತ್ಯಾಸವೇನು ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಕಾರಣದಲ್ಲೇ ಇದೆ: ಇಲ್ಲಿ ರಕ್ತ ನಾಳದೊಳಗಿದೆ, ಅಲ್ಲಿ ಅಂಗಾಂಶಕ್ಕೆ ಸೋರಿದೆ. ಕೊಯ್ದು ನೀರು ಹಾಕಿದರೆ ಲಿವಿಡಿಟಿಯ ರಕ್ತ ಹರಿದುಹೋಗುತ್ತದೆ, ಕಂದುಗಾಯದ್ದು ಅಂಟಿಕೊಂಡೇ ಇರುತ್ತದೆ. ಅದರ ಎದುರಿನ ಅಂಚಿಗೆ ಬಣ್ಣಗಳು: ಕಾರ್ಬನ್ ಮೊನಾಕ್ಸೈಡ್‌ನಲ್ಲಿ ಚೆರ್ರಿ ಕೆಂಪು, ಸಯನೈಡ್‌ನಲ್ಲಿ ಹೊಳೆವ ಕೆಂಪು, ಮೆಟ್‌ಹಿಮೋಗ್ಲೋಬಿನ್ ಉಂಟುಮಾಡುವ ವಿಷಗಳಲ್ಲಿ ಚಾಕೊಲೇಟ್ ಕಂದು. ಶೀತಲಕೋಣೆಯಲ್ಲಿ ಇಟ್ಟ ಶವದಲ್ಲೂ ತಿಳಿಗೆಂಪು ಬರುತ್ತದೆ. ಬಣ್ಣ ನೋಡಿದ ತಕ್ಷಣ ವಿಷ ಎನ್ನಬಾರದು ಅನ್ನುವುದು ಇದಕ್ಕೇ.

ಪೆಡಸಾಗುವುದು ರೈಗರ್ ಮಾರ್ಟಿಸ್. ಸ್ನಾಯುವಿನ ಆಕ್ಟಿನ್ ಮತ್ತು ಮಯೋಸಿನ್ ಒಂದನ್ನೊಂದು ಬಿಡಲು ಎ.ಟಿ.ಪಿ. ಬೇಕು. ಸತ್ತಮೇಲೆ ಅದು ಮತ್ತೆ ತಯಾರಾಗುವುದಿಲ್ಲ, ಹಿಡಿತ ಬಿಡುವುದಿಲ್ಲ. ಎಲ್ಲ ಸ್ನಾಯುಗಳಲ್ಲೂ ಒಟ್ಟಿಗೇ ಶುರುವಾದರೂ ಚಿಕ್ಕವುಗಳಲ್ಲಿ ಮೊದಲು ಗೊತ್ತಾಗುತ್ತದೆ: ರೆಪ್ಪೆ, ದವಡೆ, ಕುತ್ತಿಗೆ, ಕೈ, ಕಾಲು, ಕೊನೆಗೆ ಬೆರಳುಗಳು. ಬರುವುದಕ್ಕೆ 12 ಗಂಟೆ, ನಿಲ್ಲುವುದಕ್ಕೆ 12, ಬಿಡುವುದಕ್ಕೆ 12 ಎಂಬ ಸೂತ್ರ ನೆನಪಿಗೆ ಒಳ್ಳೆಯದು. ಬಿಸಿ ಹವೆಯಲ್ಲಿ ಈ ಮೂರೂ ಕುಗ್ಗುತ್ತವೆ, ಚಳಿಯಲ್ಲಿ ಹಿಗ್ಗುತ್ತವೆ. ಸಾಯುವ ಮುನ್ನ ಓಡಿದ್ದರೆ, ಹೊಡೆದಾಡಿದ್ದರೆ, ಫಿಟ್ಸ್ ಬಂದಿದ್ದರೆ ಎ.ಟಿ.ಪಿ. ಮೊದಲೇ ಖರ್ಚಾಗಿರುತ್ತದೆ, ಪೆಡಸು ಬೇಗ ಬಂದು ಬೇಗ ಹೋಗುತ್ತದೆ. ಪೂರ್ತಿ ಬಂದ ಪೆಡಸನ್ನು ಕೈಯಿಂದ ಮುರಿದರೆ ಮತ್ತೆ ಬರುವುದಿಲ್ಲ. ಹಾಗಾಗಿ ಒಂದು ತೋಳು ಮಾತ್ರ ಸಡಿಲವಿದ್ದರೆ, ಬಟ್ಟೆ ತೆಗೆಯುವಾಗಲೋ ಎತ್ತುವಾಗಲೋ ಯಾರಾದರೂ ಮಡಚಿದರೇ ಎಂದು ವಿಚಾರಿಸಿ.

ಇಷ್ಟನ್ನು ಒಂದು ಕಲ್ಪಿತ ಪ್ರಕರಣಕ್ಕೆ ಹಚ್ಚಿ ನೋಡೋಣ. ನಿಮ್ಮ ನೋಟ್ಸಿನ ಕೊನೆಯ ಪುಟ ಇಂಥದೊಂದೇ ಇರಲಿ.

ಮಧ್ಯವಯಸ್ಸಿನ ಗಂಡಸಿನ ಶವ, ಕೋಣೆಯೊಳಗೆ ಬೋರಲಾಗಿ ಬಿದ್ದಿದೆ. ಪರೀಕ್ಷೆ ಬೆಳಿಗ್ಗೆ 9ಕ್ಕೆ. ಕೋಣೆಯ ತಾಪ 25 ಡಿಗ್ರಿ, ಗುದದ ತಾಪ 31.5. ದವಡೆಯಿಂದ ಕಾಲ್ಬೆರಳವರೆಗೆ ಪೂರ್ತಿ ಪೆಡಸು. ಬೆನ್ನು ಮತ್ತು ಮೀನಖಂಡಗಳ ಮೇಲೆ ಲಿವಿಡಿಟಿ, ಒತ್ತಿದರೆ ಬಿಳಿಚುವುದಿಲ್ಲ. ಹೆಗಲಮೂಳೆ ಮತ್ತು ಪಿರ್ರೆಗಳು ಬಿಳುಪಾಗಿವೆ. ಎದೆ, ಹೊಟ್ಟೆಯ ಮೇಲೆ ಏನೂ ಇಲ್ಲ, ಹೊಟ್ಟೆಯಲ್ಲಿ ಹಸಿರು ಬಣ್ಣವಿಲ್ಲ. ಎಡಹುಬ್ಬಿನ ಮೇಲೆ 3 ಸೆಂ.ಮೀ. ಉದ್ದದ ನೇರ ಗಾಯ. ಎರಡೂ ಮುಂಗೈಗಳ ಹೊರಬದಿಯಲ್ಲಿ ಹಳದಿಗೆ ತಿರುಗಿದ ಕಂದುಗಾಯಗಳು. ಚಾಕುವಿನಿಂದ ಹಲ್ಲೆಯಾಯಿತೇ, ಯಾವಾಗ ಸತ್ತ ಎಂದು ಪೊಲೀಸರು ಕೇಳುತ್ತಿದ್ದಾರೆ.

ತಾಪದಿಂದ ಹೊರಡಿ. ಇಳಿದಿರುವುದು 5.5 ಡಿಗ್ರಿ. ಗಂಟೆಗೆ 0.7ರಂತೆ ಸುಮಾರು 8 ಗಂಟೆ, 0.5ರಂತೆ 11 ಗಂಟೆ. ಆರಂಭದಲ್ಲಿ ತಾಪ ನಿಂತ ಹೊತ್ತನ್ನು ಸೇರಿಸಿದರೆ ಮೇಲಿನ ತುದಿ 12 ದಾಟುತ್ತದೆ. ಕಾಲ್ಬೆರಳವರೆಗೆ ಬಂದ ಪೆಡಸು ಇದಕ್ಕೆ ಹೊಂದುತ್ತದೆ. ನೆಲೆಗೊಂಡ ಲಿವಿಡಿಟಿ 6 ಗಂಟೆಗಿಂತ ಕಡಿಮೆಯನ್ನು ಬಿಟ್ಟುಬಿಡುತ್ತದೆ. ಹೊಟ್ಟೆಯಲ್ಲಿ ಹಸಿರು ಕಾಣದಿರುವುದು ತೀರಾ ಹಿಂದಿನದಲ್ಲ ಎನ್ನುತ್ತದೆ. ನಾಲ್ಕೂ ಒಟ್ಟಿಗೆ ಕೂಡುವ ಜಾಗ ಸುಮಾರು 8ರಿಂದ 14 ಗಂಟೆ, ಅಂದರೆ ಹಿಂದಿನ ಸಂಜೆ 7ರಿಂದ ರಾತ್ರಿ 1ರ ನಡುವೆ. ವರದಿಯಲ್ಲಿ ಬರೆಯಬೇಕಾದದ್ದು ಈ ವ್ಯಾಪ್ತಿಯನ್ನೇ. ನಡುವಿನ ರಾತ್ರಿ 10 ಗಂಟೆ ಎಂದು ಬರೆದುಬಿಟ್ಟರೆ, 8 ಗಂಟೆಗೆ ಆತನನ್ನು ಕೊಂದವನಿಗೆ 10ಕ್ಕೆ ಬೇರೆಡೆ ಇದ್ದೆ ಎಂದು ತಪ್ಪಿಸಿಕೊಳ್ಳುವ ದಾರಿಯನ್ನು ವೈದ್ಯರೇ ಮಾಡಿಕೊಟ್ಟಂತಾಗುತ್ತದೆ.

ಲಿವಿಡಿಟಿ ಇನ್ನೊಂದು ಸಂಗತಿ ಹೇಳುತ್ತಿದೆ. ಶವ ಬೋರಲಾಗಿದೆ, ರಕ್ತ ತಂಗಿರುವುದು ಬೆನ್ನಿನಲ್ಲಿ. ಹೆಗಲಮೂಳೆ, ಪಿರ್ರೆಗಳ ಬಿಳುಪೂ ಅವು ನೆಲಕ್ಕೆ ಒತ್ತಿಕೊಂಡಿದ್ದವು ಎಂಬುದಕ್ಕೆ ಸಾಕ್ಷಿ. ಅಂದರೆ ಆತ ಸತ್ತಮೇಲೆ ಅಂಗಾತ ಇದ್ದ, ಲಿವಿಡಿಟಿ ನೆಲೆಗೊಂಡ ಮೇಲೆ ಯಾರೋ ಮಗುಚಿದ್ದಾರೆ. ಬೇಗನೇ ಮಗುಚಿದ್ದರೆ ರಕ್ತ ಎದೆಯ ಕಡೆಗೂ ಜಾರಿ ಎರಡೂ ಬದಿಯಲ್ಲಿ ಕಾಣಬೇಕಿತ್ತು. ಸಂಜೆ 7ಕ್ಕೆ ಸತ್ತಿದ್ದರೂ 6 ಗಂಟೆ ಕಳೆಯಬೇಕಾದ್ದರಿಂದ ಮಗುಚಿದ್ದು ರಾತ್ರಿ 1ರ ನಂತರವೇ. ನೆಲೆಗೊಳ್ಳುವ ಹೊತ್ತು ಒಬ್ಬರಿಂದ ಒಬ್ಬರಿಗೆ ಬದಲಾಗುವುದರಿಂದ ಇದನ್ನೂ ‘ಸುಮಾರು’ ಎಂದೇ ಹೇಳಬೇಕು. ಆದರೂ ಬೆಳಗಿನ ಜಾವ ಆ ಕೋಣೆಗೆ ಬಂದವರು ಯಾರು ಎಂದು ವಿಚಾರಿಸಲು ಪೊಲೀಸರಿಗೆ ಇಷ್ಟು ಸಾಕು.

ಹುಬ್ಬಿನ ಗಾಯ ನೋಡಿ. ಅಂಚು ನೇರವಿದೆ ಎಂದು ಚಾಕು ಅನ್ನಬೇಡಿ, ಜಾಗ ಮೂಳೆಯ ಮೇಲಿನದು. ಲೆನ್ಸಿನಲ್ಲಿ ಎಳೆಗಳು ಅಡ್ಡ ಕಂಡರೆ, ಅಂಚಿನಲ್ಲಿ ಕೂದಲೆಳೆಯಷ್ಟು ತರಚು ಇದ್ದರೆ, ಅದು ಮೊಂಡು ಬಲದ ಸೀಳುಗಾಯ. ಏಟು ಬಿದ್ದದ್ದೂ ಇರಬಹುದು, ಆತನೇ ಬಿದ್ದು ತಾಗಿಸಿಕೊಂಡದ್ದೂ ಇರಬಹುದು. ಅದನ್ನು ತೀರ್ಮಾನಿಸುವುದು ಕೆಳಗಿನ ಮೂಳೆ, ಮೆದುಳು, ಘಟನಾಸ್ಥಳ. ಮುಂಗೈಯ ಹೊರಬದಿ ರಕ್ಷಣೆಗೆ ಕೈ ಅಡ್ಡ ಹಿಡಿದಾಗ ಏಟು ಬೀಳುವ ಜಾಗ ನಿಜ. ಆದರೆ ಬಣ್ಣ ಹಳದಿ. 18 ಗಂಟೆಯ ಮೇಲಿನವು, ಸಾವಿನ ವೇಳೆಯೋ ಗರಿಷ್ಠ 14 ಗಂಟೆ. ಸತ್ತಮೇಲೆ ಈ ಬಣ್ಣ ಬದಲಾಗುವ ಕ್ರಿಯೆ ನಡೆಯುವುದಿಲ್ಲ, ಹಾಗಾಗಿ ಆ 18 ಗಂಟೆಯನ್ನು ಆತ ಬದುಕಿದ್ದಾಗಲೇ ಕಳೆದಿರಬೇಕು. ಈ ಗಾಯಗಳು ಆ ರಾತ್ರಿಯವಲ್ಲ, ಅದಕ್ಕೂ ಮೊದಲಿನವು. ಇದೊಂದು ಸಾಲನ್ನು ಸರಿಯಾಗಿ ಹೇಳಿದ ವಿದ್ಯಾರ್ಥಿಗೆ ಪೂರ್ತಿ ಅಂಕ ಕೊಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಒಂದು ದಿನ ದಾಟಿದ ಮೇಲಿನ ಲಕ್ಷಣಗಳಿಗೆ ಅರ್ಧ ಪುಟ ಸಾಕು. ಕೊಳೆಯುವಿಕೆಯ ಮೊದಲ ಹಸಿರು ಬಣ್ಣ ಹೊಟ್ಟೆಯ ಬಲ ಕೆಳಭಾಗದಲ್ಲಿ. ಬಿಸಿ ಹವೆಯಲ್ಲಿ 12–18 ಗಂಟೆಗೇ ಬರಬಹುದು, ಚಳಿಯಲ್ಲಿ ಒಂದೆರಡು ದಿನ. ಅಲ್ಲೇ ಯಾಕೆ ಎಂದು ಕೇಳುತ್ತಾರೆ: ಸೀಕಮ್ ಚರ್ಮಕ್ಕೆ ಹತ್ತಿರವಿದೆ, ಅದರೊಳಗೆ ದ್ರವ ಮತ್ತು ಬ್ಯಾಕ್ಟೀರಿಯಾ ತುಂಬಿವೆ. ಅವು ಹೊರಡಿಸುವ ಹೈಡ್ರೋಜನ್ ಸಲ್ಫೈಡ್ ಹಿಮೋಗ್ಲೋಬಿನ್ ಜೊತೆ ಸೇರಿ ಹಸಿರು ಸಲ್ಫ್‌ಹಿಮೋಗ್ಲೋಬಿನ್ ಆಗುತ್ತದೆ. ಅದೇ ಬಣ್ಣ ನಾಳಗಳಲ್ಲಿ ಕವಲೊಡೆದು ಕಂಡರೆ ಮಾರ್ಬ್ಲಿಂಗ್, ಸುಮಾರು 36–48 ಗಂಟೆ. ನೊಣದ ಮೊಟ್ಟೆ, ಹುಳು, ಕೋಶಗಳಿಂದ ದಿನಗಳ ಲೆಕ್ಕ ಸಿಗುತ್ತದೆ, ಆದರೆ ಅದು ನೊಣ ಬಂದಂದಿನಿಂದ ಶುರುವಾಗುವ ಲೆಕ್ಕ. ಗಾಳಿಯಲ್ಲಿ ಒಂದು ವಾರದಲ್ಲಾಗುವ ಕೊಳೆಯುವಿಕೆಗೆ ನೀರಿನಲ್ಲಿ ಎರಡು ವಾರ, ಆಳವಾಗಿ ಹೂತ ಮಣ್ಣಿನಲ್ಲಿ ಎಂಟು ವಾರ ಎಂಬುದು ಕ್ಯಾಸ್ಪರ್ ಸೂತ್ರ. ಹೊಟ್ಟೆಯೊಳಗಿನ ಅನ್ನ ನೋಡಿ ವೇಳೆ ಹೇಳುವುದರ ಮೇಲೆ ಭಾರ ಹಾಕಬೇಡಿ: ಭಯ, ನೋವು, ತಲೆಗೆ ಪೆಟ್ಟು ಜೀರ್ಣವನ್ನು ಗಂಟೆಗಟ್ಟಲೆ ತಡೆಯುತ್ತವೆ. ಕಣ್ಣಿನ ವಿಟ್ರಿಯಸ್ ದ್ರವದಲ್ಲಿ ಪೊಟ್ಯಾಸಿಯಂ ಏರುವುದು ಇದಕ್ಕಿಂತ ಮೇಲು, ಸ್ಟರ್ನರ್ ಸೂತ್ರವನ್ನು ಅಂಚಿನಲ್ಲಿ ಬರೆದಿಡಿ:

```
ಗಂಟೆಗಳು = 7.14 × K⁺ − 39.1
```

ಇಲ್ಲಿ K⁺ ಇರುವುದು ಲೀಟರಿಗೆ ಎಷ್ಟು ಮಿಲಿ ಈಕ್ವಿವಲೆಂಟ್ ಎಂಬ ಅಳತೆಯಲ್ಲಿ. ದ್ರವವನ್ನು ಸಿರಿಂಜಿನಲ್ಲಿ ನಿಧಾನವಾಗಿ ಎಳೆಯಬೇಕು. ಜೋರಾಗಿ ಎಳೆದರೆ ರೆಟಿನಾದ ಜೀವಕೋಶಗಳೂ ಬಂದು ಪೊಟ್ಯಾಸಿಯಂ ಸುಳ್ಳೇ ಹೆಚ್ಚಾಗಿ ಕಾಣುತ್ತದೆ.

ಉಳಿದದ್ದು ಕ್ಯಾಡಾವೆರಿಕ್ ಸ್ಪಾಸಮ್. ರೈಗರ್ ಎದುರಿನ ಅಂಚು ಇದಕ್ಕೇ ಮೀಸಲು. ಸಾಯುವ ಕ್ಷಣದಲ್ಲಿ ಬಿಗಿದಿದ್ದ ಸ್ನಾಯು ಸಡಿಲವಾಗದೆ ಹಾಗೇ ನಿಲ್ಲುವುದು ಇದು. ರೈಗರ್ ಮೈಯೆಲ್ಲ ಬರುತ್ತದೆ, ಇದು ಒಂದು ಸ್ನಾಯುಗುಂಪಿಗೆ ಸೀಮಿತ, ಹೆಚ್ಚಾಗಿ ಕೈಗೆ. ಮುಳುಗಿದವರ ಮುಷ್ಟಿಯಲ್ಲಿ ಜೊಂಡು ಬಿಗಿಯಾಗಿ ಸಿಕ್ಕರೆ ನೀರಿಗೆ ಬಿದ್ದಾಗ ಜೀವವಿತ್ತು ಎಂದರ್ಥ. ಸತ್ತಮೇಲೆ ಬೇರೆಯವರು ಕೈಗೆ ಏನನ್ನಾದರೂ ಹಿಡಿಸಿ ಈ ಬಿಗಿಯನ್ನು ತರಲಾರರು, ಪರೀಕ್ಷಕರು ಕೇಳುವುದೂ ಇದನ್ನೇ. ಇದರ ಜೊತೆಗೆ ತಪ್ಪದೆ ಬರುವ ಮರುಪ್ರಶ್ನೆ ಒಂದಿದೆ: ಇದರಿಂದ ಸಾವಿನ ವೇಳೆ ತಿಳಿಯುತ್ತದೆಯೇ? ಇಲ್ಲ. ಅದು ಸಾವಿನ ಕ್ಷಣದಲ್ಲೇ ಪೂರ್ತಿಯಾಗಿ ಬಂದಿರುತ್ತದೆ, ಆಮೇಲೆ ರೈಗರ್ ಜೊತೆ ಬೆರೆತು ರೈಗರ್ ಬಿಡುವಾಗಲೇ ಬಿಡುತ್ತದೆ. ಅದರಲ್ಲಿ ಅಳೆಯುವುದಕ್ಕೆ ಹಂತಗಳೇ ಇಲ್ಲ.